ಶೇಂಗಾದ ಗಂಧಕ ಕೊರತೆ: ಜಿಪ್ಸಂ ಹಾಕಬೇಕೋ, ಬೆಂಟೊನೈಟ್ ಗಂಧಕ ಹಾಕಬೇಕೋ?

ಕುಷ್ಟಗಿ, ಯಲಬುರ್ಗಾ ಕಡೆಯ ಮಸಾರಿ ಹೊಲಗಳಲ್ಲಿ ಬೋರ್‌ವೆಲ್ ನೀರನ್ನು ನಂಬಿ ಬೇಸಿಗೆ ಶೇಂಗಾ ಬಿತ್ತುವ ರೈತರಿಗೆ ಗೊಬ್ಬರದ ಅಂಗಡಿಯಲ್ಲಿ ಎರಡು ಬಗೆಯ ಚೀಲಗಳು ಕಾಣುತ್ತವೆ. ಒಂದು ಐವತ್ತು ಕಿಲೋ ತೂಕದ ಜಿಪ್ಸಂ ಚೀಲ. ಅದರಲ್ಲಿ ಗಂಧಕ ಇರುವುದು ನೂರಕ್ಕೆ ಹದಿಮೂರರಿಂದ ಹದಿನೆಂಟು ಪಾಲು ಮಾತ್ರ. ಇನ್ನೊಂದು ಬೆಂಟೊನೈಟ್ ಗಂಧಕದ ಸಣ್ಣ ಚೀಲ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಗಂಧಕವೇ. ಈ ಅಂಕಿಗಳನ್ನಷ್ಟೇ ನೋಡಿದರೆ ಸಣ್ಣ ಚೀಲವೇ ಲಾಭದ್ದು ಎನಿಸುವುದು ಸಹಜ. ಆದರೆ ಶೇಂಗಾದ ಮಟ್ಟಿಗೆ ಈ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಗಂಧಕದ ಶೇಕಡಾವಾರು ಅಲ್ಲ. ಕಾಯಿಗೆ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ ಬೇಕೇ ಎಂಬುದು ಮತ್ತು ಬೆಳೆಗೆ ಗಂಧಕ ದೊರೆಯಲು ಇನ್ನೆಷ್ಟು ದಿನ ಉಳಿದಿವೆ ಎಂಬುದು ಆ ನಿರ್ಧಾರದ ಎರಡು ಆಧಾರಗಳು. ಇವೆರಡಕ್ಕೂ ಮೊದಲು, ಹೊಲದಲ್ಲಿ ಕಾಣುತ್ತಿರುವ ಹಳದಿ ಬಣ್ಣ ನಿಜವಾಗಿ ಗಂಧಕದ ಕೊರತೆಯದ್ದೇ ಎಂದು ಖಚಿತಪಡಿಸಿಕೊಳ್ಳಬೇಕು.

ಹಳದಿ ಎಲ್ಲವೂ ಗಂಧಕದ ಕೊರತೆಯಲ್ಲ

ಗಂಧಕವು ಗಿಡದೊಳಗೆ ಹಳೆಯ ಎಲೆಯಿಂದ ಹೊಸ ಎಲೆಗೆ ಸುಲಭವಾಗಿ ಸಾಗುವುದಿಲ್ಲ. ಆದ್ದರಿಂದ ಅದರ ಕೊರತೆ ಮೊದಲು ಕಾಣಿಸುವುದು ತುದಿಯ ಎಲೆಗಳಲ್ಲಿ. ಎಲೆಯ ಮೈಯೆಲ್ಲ, ನರಗಳೂ ಸೇರಿದಂತೆ, ತಿಳಿ ಹಸಿರಿನಿಂದ ತಿಳಿ ಹಳದಿಗೆ ತಿರುಗುತ್ತದೆ. ಗಿಡ ಗಿಡ್ಡವಾಗಿ, ತೆಳ್ಳಗೆ ಉಳಿಯುತ್ತದೆ. ಸಾರಜನಕದ ಕೊರತೆಯಲ್ಲಿಯೂ ಎಲೆ ಇದೇ ರೀತಿ ಪೂರ್ತಿ ಹಳದಿಯಾಗುತ್ತದೆಯಾದರೂ ಅದು ಬುಡದ ಹಳೆಯ ಎಲೆಗಳಿಂದ ಶುರುವಾಗಿ ಮೇಲಕ್ಕೆ ಏರುತ್ತದೆ. ಕಬ್ಬಿಣದ ಕೊರತೆಯಲ್ಲಿ ಗಂಧಕದಂತೆಯೇ ತುದಿಯ ಎಲೆಗಳು ಹಳದಿಯಾಗುತ್ತವೆ, ಆದರೆ ನರಗಳು ಹಸಿರಾಗಿಯೇ ಉಳಿದು ಎಲೆಯ ಮೇಲೆ ಬಲೆ ಹಾಸಿದಂತೆ ಕಾಣುತ್ತದೆ; ತೀವ್ರವಾದಾಗ ಎಲೆ ಬಿಳಿಚಿಕೊಳ್ಳುತ್ತದೆ. ಸಿಂಧನೂರು, ಸಿರುಗುಪ್ಪ ಕಡೆಯ ಸುಣ್ಣದಂಶವಿರುವ ಎರೆ ಭೂಮಿಯಲ್ಲಿ ನೀರು ಹೆಚ್ಚಾದ ಕೆಲವೇ ದಿನಗಳಲ್ಲಿ ಶೇಂಗಾ ಹಳದಿಯಾದರೆ ಮೊದಲು ಅನುಮಾನಿಸಬೇಕಾದದ್ದು ಕಬ್ಬಿಣವನ್ನು. ಅಂಥ ಹೊಲಕ್ಕೆ ಎಷ್ಟು ಜಿಪ್ಸಂ ಸುರಿದರೂ ಆ ಹಳದಿ ಹೋಗುವುದಿಲ್ಲ.

ಬರಹದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿದ್ದರೂ ಹೊಲದಲ್ಲಿ ಹಾಗಿರುವುದಿಲ್ಲ. ಗಂಧಕ ಕಡಿಮೆಯಾದಾಗ ಶೇಂಗಾದ ಬೇರುಗಂಟುಗಳೂ ಸೊರಗುವುದರಿಂದ ಸಾರಜನಕದ ಕೊರತೆಯೂ ಜೊತೆಗೂಡಿ ಗಿಡವೆಲ್ಲ ಒಂದೇ ಹಳದಿಯಾಗಿ ಕಾಣಬಹುದು. ಇಂಥ ಗೊಂದಲದಲ್ಲಿ ಕಣ್ಣಂದಾಜಿಗಿಂತ ಒಂದು ಸಣ್ಣ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹವಾದದ್ದು. ಹಳದಿ ಕಾಣುವ ಜಾಗದಲ್ಲಿ ಎರಡು ಮೀಟರ್ ಅಗಲ, ಐದು ಮೀಟರ್ ಉದ್ದದ ನಾಲ್ಕು ತುಂಡುಗಳನ್ನು ಗೂಟ ನೆಟ್ಟು ಗುರುತಿಸಿಕೊಳ್ಳಬೇಕು. ಮೊದಲನೆಯದಕ್ಕೆ 45 ಗ್ರಾಂ ಯೂರಿಯಾ, ಎರಡನೆಯದಕ್ಕೆ 100 ಗ್ರಾಂ ಅಮೋನಿಯಂ ಸಲ್ಫೇಟ್ ಸಾಲಿನ ಪಕ್ಕದಲ್ಲಿ ಹಾಕಿ ನೀರು ಬಿಡಬೇಕು. ಈ ಎರಡು ತೂಕಗಳಲ್ಲಿಯೂ ಸಾರಜನಕ ಸುಮಾರು 20 ಗ್ರಾಂ, ಅಂದರೆ ಒಂದೇ ಸಮ; ಎರಡನೆಯದರಲ್ಲಿ ಮಾತ್ರ ಹೆಚ್ಚುವರಿಯಾಗಿ 23 ಗ್ರಾಂ ಗಂಧಕವಿದೆ. ಮೂರನೆಯ ತುಂಡಿಗೆ ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲದಂತೆ ಕರಗಿಸಿ ಎಲೆಗಳ ಮೇಲೆ ಸಿಂಪಡಿಸಬೇಕು. ನಾಲ್ಕನೆಯದಕ್ಕೆ ಏನೂ ಬೇಡ, ಆದರೆ ಉಳಿದವುಗಳಷ್ಟೇ ನೀರು ಅದಕ್ಕೂ ಸಿಗಬೇಕು.

ಸಿಂಪಡಿಸಿದ ತುಂಡಿನಲ್ಲಿ ಒಂದು ವಾರದೊಳಗೆ ಹಸಿರು ಮರಳಿದರೆ ದೋಷ ಕಬ್ಬಿಣದ್ದು. ಉಳಿದ ತುಂಡುಗಳಲ್ಲಿ ಹತ್ತು ಹದಿನೈದು ದಿನ ಕಾದು, ಆಮೇಲೆ ಚಿಗುರಿದ ಹೊಸ ಎಲೆಗಳನ್ನು ನೋಡಬೇಕು. ಯೂರಿಯಾ ಮತ್ತು ಅಮೋನಿಯಂ ಸಲ್ಫೇಟ್ ಎರಡೂ ಸಮನಾಗಿ ಹಸಿರು ತಂದಿದ್ದರೆ ಕೊರತೆ ಸಾರಜನಕದ್ದು. ಅಮೋನಿಯಂ ಸಲ್ಫೇಟ್ ತುಂಡು ಮಾತ್ರ ಎದ್ದು ಕಂಡರೆ ಗಂಧಕದ್ದು. ಯಾವುದೂ ಬದಲಾಗದಿದ್ದರೆ ಗಿಡ ಕಿತ್ತು ಬೇರು ನೋಡಬೇಕು, ಏಕೆಂದರೆ ಬೇರು ಕೊಳೆತಿದ್ದರೆ ಅಥವಾ ನೀರು ನಿಂತಿದ್ದರೆ ಮೇಲೆ ಕೊಟ್ಟ ಯಾವ ಗೊಬ್ಬರವೂ ಒಳಗೆ ಹೋಗುವುದಿಲ್ಲ. ಈ ಪರೀಕ್ಷೆಗೆ ಜಿಪ್ಸಂ ಬಳಸದಿರುವುದಕ್ಕೂ ಕಾರಣವಿದೆ: ಅದರಲ್ಲಿ ಗಂಧಕದ ಜೊತೆಗೆ ಕ್ಯಾಲ್ಸಿಯಂ ಕೂಡ ಇರುವುದರಿಂದ ಗಿಡ ಸುಧಾರಿಸಿದ್ದು ಯಾವುದರಿಂದ ಎಂದು ಹೇಳಲಾಗುವುದಿಲ್ಲ.

ಮಣ್ಣಿನ ವರದಿ ಮತ್ತು ನೀರಿನ ವರದಿ

ಬಿತ್ತನೆಗೆ ಮೊದಲೇ ಮಣ್ಣು ಪರೀಕ್ಷೆ ಮಾಡಿಸಿದವರಿಗೆ ಮೇಲಿನ ಪರೀಕ್ಷೆಯ ಅಗತ್ಯ ಬಹುಮಟ್ಟಿಗೆ ಬೀಳುವುದಿಲ್ಲ. ಲಭ್ಯ ಗಂಧಕ 10 ಪಿಪಿಎಂಗಿಂತ ಕಡಿಮೆ ಇದ್ದರೆ ಕೊರತೆ ಎಂದೂ, 10ರಿಂದ 20ರವರೆಗೆ ಮಧ್ಯಮ ಎಂದೂ, ಅದಕ್ಕೂ ಮೇಲಿದ್ದರೆ ಸಾಕಷ್ಟಿದೆ ಎಂದೂ ಓದಿಕೊಳ್ಳಬಹುದು. ಇಲ್ಲಿ ಆಗುವ ಒಂದು ಸಾಮಾನ್ಯ ತಪ್ಪೆಂದರೆ ಅಳತೆಯ ಘಟಕವನ್ನು ಗಮನಿಸದಿರುವುದು. ಕೆಲವು ವರದಿಗಳು ಗಂಧಕವನ್ನು ಹೆಕ್ಟೇರಿಗೆ ಇಷ್ಟು ಕಿಲೋ ಎಂದು ಬರೆಯುತ್ತವೆ. 1 ಪಿಪಿಎಂ ಎಂದರೆ ಮೇಲ್ಪದರದ ಮಣ್ಣಿನಲ್ಲಿ ಹೆಕ್ಟೇರಿಗೆ ಸುಮಾರು 2.24 ಕಿಲೋ. ಹಾಗಾಗಿ ವರದಿಯಲ್ಲಿ ಹೆಕ್ಟೇರಿಗೆ 18 ಕಿಲೋ ಎಂದಿದ್ದರೆ ಅದು 8 ಪಿಪಿಎಂ, ಅಂದರೆ ಕೊರತೆ. ಅದನ್ನೇ 18 ಪಿಪಿಎಂ ಎಂದು ಓದಿದವರು ಗಂಧಕವನ್ನು ಅರ್ಧಕ್ಕೆ ಇಳಿಸಿಬಿಡುತ್ತಾರೆ. ಇನ್ನೊಂದು ತಪ್ಪು ಇದಕ್ಕಿಂತ ಸಣ್ಣದು, ಆದರೆ ವರದಿಯನ್ನೇ ಕೆಡಿಸುವಂಥದ್ದು: ಮಣ್ಣಿನ ಮಾದರಿಯನ್ನು ಖಾಲಿ ಗೊಬ್ಬರದ ಚೀಲದಲ್ಲಿ ತುಂಬಿ ಕೊಡುವುದು. ಸೂಪರ್ ಫಾಸ್ಫೇಟಿನ ಧೂಳು ಒಂದು ಚಿಟಿಕೆ ಬೆರೆತರೂ ಬಡ ಹೊಲ ಕಾಗದದ ಮೇಲೆ ಶ್ರೀಮಂತವಾಗುತ್ತದೆ.

ನೀರಾವರಿ ಹೊಲದಲ್ಲಿ ಮಣ್ಣಿನ ವರದಿ ಅರ್ಧ ಸಂಗತಿಯನ್ನಷ್ಟೇ ಹೇಳುತ್ತದೆ. ಉಳಿದರ್ಧ ಬೋರ್‌ವೆಲ್ ನೀರಿನಲ್ಲಿರುತ್ತದೆ, ಮತ್ತು ನಮ್ಮಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀರಿನ ವರದಿಯಲ್ಲಿ ಸಲ್ಫೇಟ್ ಲೀಟರಿಗೆ 1 ಮಿಲಿ ಈಕ್ವಿವಲೆಂಟ್ ಎಂದಿದ್ದರೆ ಆ ಒಂದು ಲೀಟರಿನಲ್ಲಿ 48 ಮಿಲಿಗ್ರಾಂ ಸಲ್ಫೇಟ್, ಅದರಲ್ಲಿ 16 ಮಿಲಿಗ್ರಾಂ ಗಂಧಕ ಇರುತ್ತದೆ. ಒಂದು ಎಕರೆಗೆ ಐದು ಸೆಂಟಿಮೀಟರ್ ಆಳ ನೀರು ಹಾಯಿಸಿದರೆ ಅದು ಸುಮಾರು ಎರಡು ಲಕ್ಷ ಲೀಟರ್. ಅಂದರೆ ಅಂಥ ನೀರಿನಿಂದ ಪ್ರತಿ ಸರತಿಗೆ ಎಕರೆಗೆ 3.2 ಕಿಲೋ ಗಂಧಕ, ಅದೂ ಗಿಡ ನೇರವಾಗಿ ಹೀರಿಕೊಳ್ಳುವ ರೂಪದಲ್ಲಿ, ಬಿಟ್ಟಿಯಾಗಿ ಬರುತ್ತದೆ. ವರದಿಯಲ್ಲಿ ಕೊಟ್ಟಿರುವುದು ಸಲ್ಫೇಟಿನ ಮಿಲಿಗ್ರಾಂ ಆಗಿದ್ದರೆ ಅದನ್ನು ಮೂರರಿಂದ ಭಾಗಿಸಿದರೆ ಗಂಧಕ ಸಿಗುತ್ತದೆ. ಈ ಭಾಗಾಕಾರವನ್ನು ಮರೆತರೆ ಲೆಕ್ಕ ಮೂರುಪಟ್ಟು ಉಬ್ಬುತ್ತದೆ.

ಎರಡು ಚೀಲಗಳ ಒಳಗಿನ ವ್ಯತ್ಯಾಸ

ಜಿಪ್ಸಂನಲ್ಲಿರುವ ಗಂಧಕ ಆಗಲೇ ಸಲ್ಫೇಟ್ ರೂಪದಲ್ಲಿರುತ್ತದೆ. ನೀರಿನಲ್ಲಿ ಅದು ನಿಧಾನವಾಗಿ, ಒಂದು ಲೀಟರಿಗೆ ಸುಮಾರು ಎರಡೂವರೆ ಗ್ರಾಂನಷ್ಟು ಕರಗುತ್ತದೆ. ಎರಡು ನೂರು ಕಿಲೋ ಕರಗಲು ಎಂಬತ್ತು ಸಾವಿರ ಲೀಟರ್ ಸಾಕು, ಅಂದರೆ ಎಕರೆಗೆ ಎರಡು ಸೆಂಟಿಮೀಟರ್ ನೀರು. ನುಣ್ಣಗಿನ ಪುಡಿಯಾಗಿದ್ದರೆ ಒಂದೆರಡು ಸರತಿ ನೀರಿನಲ್ಲಿ ಅದು ಬೇರಿಗೆ ದೊರೆಯತೊಡಗುತ್ತದೆ. ಬೆಂಟೊನೈಟ್ ಗಂಧಕದ ಕಥೆ ಬೇರೆ. ಧಾತುರೂಪದ ಗಂಧಕವನ್ನು ಬೇರು ಹೀರಲಾರದು. ಮಣ್ಣಿನ ಸೂಕ್ಷ್ಮಜೀವಿಗಳು, ಮುಖ್ಯವಾಗಿ ಥಯೋಬ್ಯಾಸಿಲಸ್ ಗುಂಪಿನವು, ಅದನ್ನು ಸಲ್ಫೇಟ್ ಆಗಿ ಮಾರ್ಪಡಿಸಬೇಕು. ಈ ಕೆಲಸಕ್ಕೆ ತೇವ ಬೇಕು, ಗಾಳಿ ಬೇಕು, ಬಿಸುಪು ಬೇಕು. ಬಿಸುಪಿಗೆ ಬಳ್ಳಾರಿ, ಕೊಪ್ಪಳದಲ್ಲಿ ಎಂದೂ ಕೊರತೆಯಿಲ್ಲ. ಎಡವುವುದು ತೇವ ಮತ್ತು ಗಾಳಿಯಲ್ಲಿ. ಒಣ ಮೇಲ್ಮಣ್ಣಿನ ಮೇಲೆ ಎರಚಿದ ಹರಳುಗಳು ಹಾಗೆಯೇ ಬಿದ್ದಿರುತ್ತವೆ, ನೀರು ನಿಲ್ಲುವ ಗದ್ದೆಯಲ್ಲಿ ಗಾಳಿಯಿಲ್ಲದೆ ಕೆಲಸ ನಿಂತುಬಿಡುತ್ತದೆ. ಆದ್ದರಿಂದ ಇದನ್ನು ಬಿತ್ತನೆಗೆ ಮೂರು ನಾಲ್ಕು ವಾರ ಮೊದಲೇ ಹಾಕಿ, ಹಸಿಯಿರುವ ಮಣ್ಣಿನಲ್ಲಿ ಕುಂಟೆ ಹೊಡೆದು ಬೆರೆಸಬೇಕು. ಹಾಕಿ ಒಂದೂವರೆ ತಿಂಗಳಾದ ಮೇಲೆ ಸಾಲು ಕೆದಕಿದಾಗ ಹಳದಿ ಹರಳುಗಳು ಇನ್ನೂ ಗಟ್ಟಿಯಾಗಿ ಕೈಗೆ ಸಿಕ್ಕರೆ ಆ ಬೆಳೆಗೆ ಅದು ಒದಗಲಿಲ್ಲ ಎಂದೇ ಅರ್ಥ. ಮುಂದಿನ ಬೆಳೆಗೆ ಒದಗಬಹುದು.

ಶೇಂಗಾದ ವಿಷಯದಲ್ಲಿ ನಿರ್ಣಾಯಕವಾದ ವ್ಯತ್ಯಾಸ ಕ್ಯಾಲ್ಸಿಯಂನದು. ಬೇರು ಹೀರಿದ ಕ್ಯಾಲ್ಸಿಯಂ ನೀರಿನ ಜೊತೆ ಎಲೆಗೆ ಏರುತ್ತದೆಯೇ ಹೊರತು ಎಲೆಯಿಂದ ಕೆಳಗಿಳಿದು ನೆಲದೊಳಗಿನ ಕಾಯಿಗೆ ಬರುವುದಿಲ್ಲ. ಹೂವಿನಿಂದ ನೆಲಕ್ಕಿಳಿಯುವ ಸೂಜಿ ಮತ್ತು ಬೆಳೆಯುತ್ತಿರುವ ಕಾಯಿ ತಮಗೆ ಬೇಕಾದ ಕ್ಯಾಲ್ಸಿಯಂ ಅನ್ನು ತಮ್ಮ ಸುತ್ತಲಿನ ಮಣ್ಣಿನಿಂದಲೇ, ಮೇಲಿನ ಐದಾರು ಸೆಂಟಿಮೀಟರ್ ಪದರದಿಂದಲೇ ಹೀರಿಕೊಳ್ಳಬೇಕು. ಮರಳು ಹೆಚ್ಚಿರುವ ಮಸಾರಿಯಲ್ಲಿ ಆ ಪದರದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಹೊರಗೆ ದುಂಡಗಿನ ಕಾಯಿ, ಒಳಗೆ ಜೊಳ್ಳು. ತುಂಬಿದ ಕಾಳನ್ನು ಬಿಡಿಸಿದಾಗಲೂ ಮೊಳಕೆಯ ತುದಿ ಕಪ್ಪಾಗಿದ್ದರೆ ಅದೂ ಇದೇ ಕೊರತೆಯ ಗುರುತು. ಈ ಕೆಲಸವನ್ನು ಜಿಪ್ಸಂ ಮಾಡುತ್ತದೆ. ಬೆಂಟೊನೈಟ್ ಗಂಧಕದಲ್ಲಿ ಕ್ಯಾಲ್ಸಿಯಂ ಇಲ್ಲದ್ದರಿಂದ ಅದು ಮಾಡಲಾರದು. ಸಾಸಿವೆಗೆ ಈ ತೊಡಕಿಲ್ಲ, ಅದರ ಕಾಯಿ ಗಾಳಿಯಲ್ಲಿರುತ್ತದೆ. ಅಲ್ಲಿ ಸಾಕಷ್ಟು ಮೊದಲೇ ಹಾಕುವುದಾದರೆ ಬೆಂಟೊನೈಟ್ ಗಂಧಕ ಜಿಪ್ಸಂಗೆ ಸರಿಸಾಟಿಯೇ.

ಬೆಂಟೊನೈಟ್ ಗಂಧಕ ಎರೆ ಭೂಮಿಯ ಪಿಎಚ್ ಇಳಿಸುತ್ತದೆ ಎಂಬ ಮಾತನ್ನು ನಾನು ಅಂಗಡಿಗಳಲ್ಲಿ ಪದೇ ಪದೇ ಕೇಳಿದ್ದೇನೆ. ಗಂಧಕ ಮಣ್ಣಿನಲ್ಲಿ ಆಮ್ಲವಾಗುವುದು ನಿಜ, ಒಂದು ಕಿಲೋ ಗಂಧಕ ಸುಮಾರು ಮೂರು ಕಿಲೋ ಸುಣ್ಣವನ್ನು ಕರಗಿಸುವುದೂ ನಿಜ. ಆದರೆ ಒಂದು ಎಕರೆಯ ಹದಿನೈದು ಸೆಂಟಿಮೀಟರ್ ಮೇಲ್ಮಣ್ಣು ಸುಮಾರು ಒಂಬೈನೂರು ಟನ್ ತೂಗುತ್ತದೆ. ಅದರಲ್ಲಿ ನೂರಕ್ಕೆ ಒಂದು ಪಾಲು ಸುಣ್ಣವಿದ್ದರೂ ಒಂಬತ್ತು ಟನ್ ಆಯಿತು. ಅದನ್ನು ಕರಗಿಸಲು ಮೂರು ಟನ್ ಗಂಧಕ ಬೇಕು. ಹತ್ತು ಕಿಲೋ ಚೀಲ ಮೂವತ್ತು ಕಿಲೋ ಸುಣ್ಣವನ್ನು ಕರಗಿಸಿ ಸುಮ್ಮನಾಗುತ್ತದೆ. ಹರಳಿನ ಸುತ್ತ ಒಂದಿಷ್ಟು ಜಾಗದಲ್ಲಿ ಪಿಎಚ್ ಇಳಿಯಬಹುದು, ಹೊಲದ್ದು ಇಳಿಯುವುದಿಲ್ಲ. ಹೀಗೆಂದು ಎರೆಯಲ್ಲಿ ಬೆಂಟೊನೈಟ್ ಗಂಧಕ ಬೇಡವೆಂದಲ್ಲ. ಕ್ಯಾಲ್ಸಿಯಂ ಆಗಲೇ ಧಾರಾಳವಾಗಿರುವ ಅಲ್ಲಿ, ಕೊರತೆಯಿರುವುದು ಗಂಧಕದ್ದು ಮಾತ್ರ ಎಂದು ವರದಿ ಹೇಳಿದರೆ, ಕಡಿಮೆ ತೂಕ ಹೊತ್ತು ಕೆಲಸ ಮುಗಿಸಲು ಅದೇ ಅನುಕೂಲ. ತುಂಗಭದ್ರಾ ಕಾಲುವೆ ಪ್ರದೇಶದ ಕರ್ಲು ನೆಲವನ್ನು ಸುಧಾರಿಸಲು ಎಕರೆಗೆ ಟನ್‌ಗಟ್ಟಲೆ ಜಿಪ್ಸಂ ಹಾಕುವುದು ಬೇರೆಯದೇ ಲೆಕ್ಕ. ಅದನ್ನು ಪೋಷಕಾಂಶದ ಪ್ರಮಾಣದೊಂದಿಗೆ ಬೆರೆಸಬಾರದು.

ಒಂದು ಹೊಲದ ಲೆಕ್ಕ

ಕುಷ್ಟಗಿ ಕಡೆಯ ಒಂದು ಎಕರೆ ಮಸಾರಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಜನವರಿ ಎರಡನೆಯ ವಾರದಲ್ಲಿ ಶೇಂಗಾ ಬಿತ್ತನೆ. ವರದಿಯಲ್ಲಿ ಪಿಎಚ್ 7.0, ಗಂಧಕ 7 ಪಿಪಿಎಂ. ಬೋರ್‌ವೆಲ್ ನೀರಿನಲ್ಲಿ ಸಲ್ಫೇಟ್ ಲೀಟರಿಗೆ 0.3 ಮಿಲಿ ಈಕ್ವಿವಲೆಂಟ್. ಹಿಂದಿನ ಬೆಳೆಯಲ್ಲಿ ಜೊಳ್ಳು ಹೆಚ್ಚಾಗಿತ್ತು. ರೈತ ಹಲವು ವರ್ಷಗಳಿಂದ ಎಕರೆಗೆ ಒಂದು ಚೀಲ ಡಿಎಪಿಯನ್ನಷ್ಟೇ ಹಾಕುತ್ತಿದ್ದಾನೆ. ಈ ಕೊನೆಯ ಸಂಗತಿಯಲ್ಲಿಯೇ ಕೊರತೆಯ ಮೂಲ ಅಡಗಿದೆ, ಏಕೆಂದರೆ ಡಿಎಪಿಯಲ್ಲಿ ಗಂಧಕವಿಲ್ಲ.

ಕೊರತೆಯ ಹೊಲಕ್ಕೆ ಹೆಕ್ಟೇರಿಗೆ 40 ಕಿಲೋ, ಎಂದರೆ ಎಕರೆಗೆ 16 ಕಿಲೋ ಗಂಧಕವನ್ನು ಗುರಿಯಾಗಿ ಇಟ್ಟುಕೊಳ್ಳಬಹುದು. ಮಧ್ಯಮ ಹೊಲವಾಗಿದ್ದರೆ ಅದರ ಅರ್ಧ ಸಾಕಿತ್ತು. ನೀರಿನಿಂದ ಪ್ರತಿ ಸರತಿಗೆ ಸುಮಾರು 1 ಕಿಲೋ ಬರುತ್ತದೆ. ಪೂರ್ತಿ ಬೆಳೆಗೆ ಎಂಟು ಸರತಿ ಹಾಯಿಸಿದರೂ, ಸೂಜಿ ಇಳಿಯುವ ಮೊದಲು ಸಿಗುವುದು ಮೂರು ಸರತಿಯದ್ದು ಮಾತ್ರವಾದ್ದರಿಂದ ನಾನು ಕಳೆಯುವುದು 3 ಕಿಲೋ ಅಷ್ಟೇ. ಉಳಿಯಿತು 13 ಕಿಲೋ. ಇದೇ ನೀರಿನಲ್ಲಿ ಸಲ್ಫೇಟ್ 2 ಮಿಲಿ ಈಕ್ವಿವಲೆಂಟ್ ಇದ್ದಿದ್ದರೆ ಆ ಮೂರು ಸರತಿಯಲ್ಲಿಯೇ 19 ಕಿಲೋ ಬಂದು, ಗಂಧಕಕ್ಕೆಂದು ಒಂದು ರೂಪಾಯಿಯನ್ನೂ ಖರ್ಚು ಮಾಡಬೇಕಿರಲಿಲ್ಲ.

ಈಗ ಚೀಲದ ಲೆಕ್ಕ. ಬೇಕಾದ ಗಂಧಕವನ್ನು ಚೀಲದ ಮೇಲಿನ ಗಂಧಕದ ಶೇಕಡಾವಾರಿನಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಚೀಲದ ಮೇಲೆ ಗಂಧಕ ಎಂದು ಬರೆಯದೆ ಜಿಪ್ಸಂನ ಶುದ್ಧತೆ 70 ಎಂದು ಬರೆದಿದ್ದರೆ, ಪೂರ್ಣ ಶುದ್ಧ ಜಿಪ್ಸಂನಲ್ಲಿ ಗಂಧಕ 18.6 ಇರುವುದರಿಂದ, ಈ ಚೀಲದಲ್ಲಿರುವುದು ನೂರಕ್ಕೆ 13. ಆ ಪ್ರಕಾರ 13 ಕಿಲೋ ಗಂಧಕಕ್ಕೆ ಸರಿಯಾಗಿ 100 ಕಿಲೋ ಜಿಪ್ಸಂ, ಅಂದರೆ ಎರಡು ಚೀಲ ಬೇಕು. ಬೆಂಟೊನೈಟ್ ಗಂಧಕವಾದರೆ ಹದಿನಾಲ್ಕೂವರೆ ಕಿಲೋ ಸಾಕು. ಬೆಲೆ ಹೋಲಿಸುವವರು ಚೀಲದ ಬೆಲೆಯನ್ನಲ್ಲ, ಈ ಎರಡು ತೂಕಗಳ ಬೆಲೆಯನ್ನು ಸಾಗಣೆಯ ಖರ್ಚೂ ಸೇರಿಸಿ ಹೋಲಿಸಬೇಕು.

ಆದರೆ ಈ ಹೊಲದಲ್ಲಿ ಜೊಳ್ಳಿನ ಇತಿಹಾಸವಿದೆ. ಕಾಯಿಗಾಗಿ ಶೇಂಗಾಕ್ಕೆ ಸಾಮಾನ್ಯವಾಗಿ ಶಿಫಾರಸು ಮಾಡುವ ಜಿಪ್ಸಂ ಹೆಕ್ಟೇರಿಗೆ 500 ಕಿಲೋ, ಎಕರೆಗೆ 200 ಕಿಲೋ. ಅಷ್ಟು ಜಿಪ್ಸಂನಲ್ಲಿ 26 ಕಿಲೋ ಗಂಧಕವೂ ತಾನಾಗಿ ಬರುತ್ತದೆ. ಕ್ಯಾಲ್ಸಿಯಂಗಾಗಿ ಜಿಪ್ಸಂ ಹಾಕಲೇಬೇಕಾದ ಮೇಲೆ ಬೆಂಟೊನೈಟ್ ಗಂಧಕಕ್ಕೆ ಇಲ್ಲಿ ಮಾಡಲು ಕೆಲಸವೇ ಉಳಿಯುವುದಿಲ್ಲ. ಎರಡನ್ನೂ ಕೊಳ್ಳಿ ಎಂದು ಯಾರಾದರೂ ಹೇಳಿದರೆ ಅದು ಹೊಲದ ಅಗತ್ಯವಲ್ಲ.

ಉಳಿದ ಪ್ರಶ್ನೆ ಹೊತ್ತಿನದು. ಪೂರ್ತಿ 200 ಕಿಲೋವನ್ನು ನಲವತ್ತನೆಯ ದಿನಕ್ಕೆ ಕಾಯ್ದಿರಿಸಿದರೆ ಅದುವರೆಗೆ ಗಿಡ ಗಂಧಕವಿಲ್ಲದೆ ಸೊರಗುತ್ತದೆ; ಪೂರ್ತಿ ಬಿತ್ತನೆಯಲ್ಲಿಯೇ ಹಾಕಿದರೆ ಹಗುರ ಮಣ್ಣಿನಲ್ಲಿ ಸ್ವಲ್ಪ ಭಾಗ ಕಾಯಿಯ ಪದರ ದಾಟಿ ಕೆಳಗಿಳಿಯುತ್ತದೆ. ಹಾಗಾಗಿ 100 ಕಿಲೋವನ್ನು ಬಿತ್ತುವ ಮೊದಲು ಎರಚಿ ಬೆರೆಸುವುದು, ಅದರಿಂದ ಬೇಕಾದ 13 ಕಿಲೋ ಗಂಧಕ ಬರುತ್ತದೆ. ಉಳಿದ 100 ಕಿಲೋವನ್ನು ಮೂವತ್ತೈದರಿಂದ ನಲವತ್ತು ದಿನದೊಳಗೆ, ಕೊನೆಯ ಎಡೆ ಹೊಡೆಯುವಾಗ, ಗಿಡದ ಬುಡದ ಎರಡೂ ಪಕ್ಕಕ್ಕೆ ಬೀಳುವಂತೆ ಹಾಕಿ ಮಣ್ಣು ಏರಿಸಿ ನೀರು ಕೊಡುವುದು. ಸಾಲುಗಳ ನಡುವೆ ಎರಚಿದ್ದು ಕಾಯಿಗೆ ತಲುಪುವುದಿಲ್ಲ. ಸೂಜಿಗಳು ನೆಲ ಹೊಕ್ಕ ಮೇಲೆ ಎಡೆಕುಂಟೆ ಹಾಯಿಸಿದರೆ ಅವು ಕಿತ್ತುಹೋಗುವುದರಿಂದ, ತಡವಾದವರು ಕುಂಟೆಯ ಆಸೆ ಬಿಟ್ಟು ಕೈಯಿಂದಲೇ ಬುಡಕ್ಕೆ ಉದುರಿಸಿ ನೀರು ಬಿಡಬೇಕು. ಪೊಟ್ಯಾಷ್ ಅನ್ನು ಈ ಹೊತ್ತಿನಲ್ಲಿ ಜೊತೆಗೆ ಹಾಕಬಾರದು. ಕಾಯಿಯ ಪದರದಲ್ಲಿ ಅದು ಕ್ಯಾಲ್ಸಿಯಂಗೆ ಅಡ್ಡಬರುತ್ತದೆ, ಅದರ ಜಾಗ ಬಿತ್ತನೆಯ ಹೊತ್ತಿನಲ್ಲಿ.

ಮೂರನೆಯ ದಾರಿಯೊಂದಿದೆ, ಅದು ಎರಡೂ ಚೀಲಗಳಿಗಿಂತ ಹಳೆಯದು. ಒಂದು ಚೀಲ ಡಿಎಪಿಯಲ್ಲಿ ಬರುವ 23 ಕಿಲೋ ರಂಜಕವನ್ನು ಸಿಂಗಲ್ ಸೂಪರ್ ಫಾಸ್ಫೇಟ್‌ನಿಂದ ಪಡೆಯಬೇಕಾದರೆ ಸುಮಾರು ಮೂರು ಚೀಲ ಬೇಕಾಗುತ್ತದೆ, ಮತ್ತು ಆ 150 ಕಿಲೋದಲ್ಲಿ ನೂರಕ್ಕೆ 11ರಂತೆ 16 ಕಿಲೋಗೂ ತುಸು ಹೆಚ್ಚು ಗಂಧಕವಿರುತ್ತದೆ. ಡಿಎಪಿಯ 9 ಕಿಲೋ ಸಾರಜನಕದ ಬದಲಿಗೆ 20 ಕಿಲೋ ಯೂರಿಯಾ ಸೇರಿಸಿದರಾಯಿತು. ಹೀಗೆ ಮಾಡಿದವರಿಗೆ ಬಿತ್ತನೆಯ ಜಿಪ್ಸಂ ಬೇಕಿಲ್ಲ. ಸೂಜಿಯ ಹೊತ್ತಿನ 100 ಕಿಲೋ ಮಾತ್ರ ಉಳಿಯುತ್ತದೆ. ಸೂಪರ್ ಫಾಸ್ಫೇಟಿನಲ್ಲಿಯೂ ಕ್ಯಾಲ್ಸಿಯಂ ಇದೆಯಾದರೂ ಕೂರಿಗೆಯ ಜೊತೆ ಆಳಕ್ಕೆ ಬಿದ್ದದ್ದು ಕಾಯಿಯ ಪದರಕ್ಕೆ ಏರಿ ಬರುವುದಿಲ್ಲವಾದ್ದರಿಂದ ಅದನ್ನು ಕಾಯಿಯ ಲೆಕ್ಕಕ್ಕೆ ಹಿಡಿಯಬಾರದು. ನನಗೆ ಕೇಳಿದರೆ ಈ ಹೊಲಕ್ಕೆ ಇದೇ ಅತ್ಯಂತ ಸರಿಯಾದ ಆಯ್ಕೆ, ಮೂರು ಚೀಲ ಹೊರುವ ಆಳಿನ ಖರ್ಚು ಡಿಎಪಿಯ ಬೆಲೆಯನ್ನು ಮೀರದಿದ್ದರೆ.

ಬೆಳೆ ಇಪ್ಪತ್ತೈದು ದಿನದ್ದಾಗಿ ಹಳದಿ ಕಂಡ ಮೇಲಷ್ಟೇ ಎಚ್ಚರವಾದವರಿಗೆ ಆಯ್ಕೆ ಕಿರಿದಾಗುತ್ತದೆ. ಬೆಂಟೊನೈಟ್ ಗಂಧಕ ಆಗ ಹಾಕಿದರೆ ಕಾಯಿ ಕಟ್ಟುವ ಹೊತ್ತು ಕಳೆಯುತ್ತ ಬಂದಾಗ ಬೇರಿಗೆ ಸಿಗುತ್ತದೆ. ಪುಡಿ ಜಿಪ್ಸಂ ಹಾಕಿ ತಕ್ಷಣ ನೀರು ಕೊಡುವುದೇ ಉಳಿದ ದಾರಿ, ಮತ್ತು ಅದೇ 200 ಕಿಲೋ ಸೂಜಿಯ ಹೊತ್ತಿಗೂ ಬಹುಮಟ್ಟಿಗೆ ಒದಗುತ್ತದೆ.

ಸೂಜಿಯ ಹೊತ್ತಿನ ಜಿಪ್ಸಂ ಹಾಕುವಾಗ ಹೊಲದ ನಡುವೆ ನಾಲ್ಕು ಸಾಲುಗಳನ್ನು ಹಾಗೆಯೇ ಬಿಟ್ಟು ಗೂಟ ನೆಡಬೇಕು. ಕೀಳುವ ದಿನ ಆ ಸಾಲುಗಳಿಂದ ಹತ್ತು ಗಿಡ, ಪಕ್ಕದ ಸಾಲುಗಳಿಂದ ಹತ್ತು ಗಿಡ ಬೇರೆ ಬೇರೆ ಕಿತ್ತು, ಕಾಯಿ ಒಡೆದು, ನೂರು ಕಾಯಿಗೆ ಜೊಳ್ಳು ಎಷ್ಟೆಂದು ಎಣಿಸಿ ಬರೆದಿಟ್ಟುಕೊಳ್ಳಬೇಕು. ಎರಡು ಎಣಿಕೆಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ಆ ಹೊಲದ ಕಾಯಿಯ ಪದರದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದೆ. ಮುಂದಿನ ವರ್ಷ ಸೂಪರ್ ಫಾಸ್ಫೇಟ್ ಒಂದರಿಂದಲೇ ಗಂಧಕದ ಅಗತ್ಯ ತೀರುತ್ತದೆ, ಜಿಪ್ಸಂ ಬೇಕಾಗುವುದಿಲ್ಲ.